ಐವರು ಸೇರಿದರೆ ಒಬ್ಬ ಬೆಂಗಳೂರಿಗನೇ?

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಮುಖಪುಟದಲ್ಲಿ ನೀವು ಹಾಕಿದ ತಕ್ಕಡಿಯ ಚಿತ್ರ ನೋಡಿದೆ. ಒಂದು ತಟ್ಟೆಯಲ್ಲಿ ಲ್ಯಾಪ್‌ಟಾಪ್ ಹಿಡಿದ ಬೆಂಗಳೂರಿನ ಹುಡುಗ, ಇನ್ನೊಂದರಲ್ಲಿ ರುಮಾಲು ಸುತ್ತಿದ ಐವರು ಬಡಕಲು ಕಲಬುರಗಿಯವರು. ಕೆಳಗೆ ದಪ್ಪ ಅಕ್ಷರದಲ್ಲಿ, ಒಬ್ಬ ಬೆಂಗಳೂರಿಗ ಗಳಿಸುವಷ್ಟನ್ನು ಗಳಿಸಲು ಐವರು ಕಲಬುರಗಿಯವರು ಬೇಕು ಎಂಬ ಒಕ್ಕಣೆ. ಬೆಳಿಗ್ಗೆ ಎಂಟಕ್ಕೇ ಬೆಂಗಳೂರಿನ ನಮ್ಮ ಬೀಗರ ಫೋನು ಬಂತು. "ಏನ್ ಸಾರ್, ನಿಮ್ಮ ಮನೆಯವರೆಲ್ಲಾ ಸೇರಿದ್ರೂ ನಾನೊಬ್ಬನಿಗೆ ಸಮ ಆಗಲ್ವಂತೆ?" ತಮಾಷೆಗೇ ಅಂದರು. ನನಗೆ ಮಾತ್ರ ಆವತ್ತು ನಾಷ್ಟಾ ಗಂಟಲಲ್ಲಿ ಇಳಿಯಲಿಲ್ಲ.

ನಿಮ್ಮ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಸರ್ಕಾರದ ಆರ್ಥಿಕ ಸಮೀಕ್ಷೆಯಲ್ಲೇ ಇದೆ. 2023-24ರಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಉತ್ಪನ್ನ 7 ಲಕ್ಷ ರೂಪಾಯಿಗೂ ಮೇಲೆ, ಕಲಬುರಗಿಯದು 1.5 ಲಕ್ಷಕ್ಕೂ ಕೆಳಗೆ. ಭಾಗಿಸಿದರೆ ಐದರ ಹತ್ತಿರ ಬರುತ್ತದೆ. ಸಾಂಖ್ಯಿಕ ನಿರೀಕ್ಷಕನಾಗಿ ಮೂವತ್ತು ವರ್ಷ ತೊಗರಿ ಹೊಲದಲ್ಲಿ ಹಗ್ಗ ಹಿಡಿದು ತುಂಡು ಅಳೆದು, ಕಟಾವು ಮಾಡಿಸಿ, ಕಾಳು ತೂಗಿಸಿ ಇಂಥ ಅಂಕಿಗಳಿಗೆ ಅನ್ನ ಹಾಕಿದವನು ನಾನು. ನನ್ನ ತಕರಾರು ನೀವು ಬಳಸಿದ "ಗಳಿಸುವಷ್ಟು" ಎಂಬ ಪದದ ಮೇಲೆ. ಅದು ಗಳಿಕೆಯ ಲೆಕ್ಕವೇ ಅಲ್ಲ. ಜಿಲ್ಲೆಯ ಗಡಿಯೊಳಗೆ ಒಂದು ವರ್ಷದಲ್ಲಿ ಹುಟ್ಟಿದ ಮೌಲ್ಯವನ್ನು ಒಟ್ಟು ಮಾಡಿ, ಆ ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದ್ದು. ಹುಟ್ಟಿದ ದುಡ್ಡು ಆಮೇಲೆ ಯಾರ ಜೇಬಿಗೆ ಹೋಯಿತು ಎಂದು ಅದು ಕೇಳುವುದೇ ಇಲ್ಲ.

ನಮ್ಮ ಊರಿನ ಪಕ್ಕದ ತಾಂಡಾದ ಒಬ್ಬ ಹುಡುಗನನ್ನೇ ತೆಗೆದುಕೊಳ್ಳಿ. ದೀಪಾವಳಿ ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಮುಂಗಾರಿನ ಬಿತ್ತನೆಗೆ ವಾಪಸ್ಸು. ಅವನ ದುಡಿಮೆಯಿಂದ ಕಟ್ಟಡಕ್ಕೆ ಮೂರು ಲಕ್ಷದ ಮೌಲ್ಯ ಕೂಡಿತು ಅಂತ ಇಟ್ಟುಕೊಳ್ಳಿ. ಆ ಮೂರು ಲಕ್ಷವೂ ಬೆಂಗಳೂರಿನ ಉತ್ಪನ್ನಕ್ಕೆ ಜಮಾ. ಅದರಲ್ಲಿ ಕೂಲಿ ಎಂದು ಅವನ ಕೈಗೆ ಬಂದದ್ದು ಎರಡು ಲಕ್ಷ, ತಾಂಡಾದಲ್ಲಿರುವ ತಾಯಿಗೆ ಕಳಿಸಿದ್ದು ಒಂದು ಲಕ್ಷ. ಆ ಮುದುಕಿ ಉಂಡ ಜೋಳದ ರೊಟ್ಟಿ ಈ ಒಂದು ಲಕ್ಷದ್ದು. ಆದರೆ ಅದು ಕಲಬುರಗಿಯ ಉತ್ಪನ್ನದಲ್ಲಿ ಒಂದು ಪೈಸೆಯಷ್ಟೂ ಕಾಣುವುದಿಲ್ಲ. ಇನ್ನು ಭಾಗಿಸುವ ತಲೆಗಳ ಕಡೆ ನೋಡಿ. ಜಿಲ್ಲೆಗಳ ಜನಸಂಖ್ಯೆಯೆಂದು ಹಿಡಿಯುವುದು 2011ರ ಜನಗಣತಿಯಿಂದ ಮುಂದಕ್ಕೆ ಅಂದಾಜು ಮಾಡಿದ್ದನ್ನು. ಆಮೇಲೆ ಗುಳೆ ಹೋದವರು, ಅಲ್ಲೇ ನೆಲೆ ನಿಂತವರು ಎಷ್ಟೋ ಮಂದಿ ಕಾಗದದ ಮೇಲೆ ಇನ್ನೂ ನಮ್ಮಲ್ಲೇ ಇದ್ದಾರೆ. ಅವರ ದುಡಿಮೆ ನಿಮ್ಮ ತಟ್ಟೆಗೆ, ಅವರ ತಲೆ ನಮ್ಮ ತಟ್ಟೆಗೆ! ಹೀಗೆ ತೂಗಿದರೆ ಯಾವ ತಕ್ಕಡಿ ತಾನೇ ನೆಟ್ಟಗೆ ನಿಂತೀತು? ಚಿತ್ರದ ಐವರಲ್ಲಿ ಒಬ್ಬ ಬಹುಶಃ ಆ ಲ್ಯಾಪ್‌ಟಾಪ್ ಹುಡುಗನ ಅಪಾರ್ಟ್‌ಮೆಂಟಿಗೆ ಸ್ಲ್ಯಾಬ್ ಹಾಕಿದವನೇ ಇರಬೇಕು.

ತಪ್ಪು ಒಂದೇ ಕಡೆ ವಾಲುತ್ತದೆ ಎಂದೂ ಅಲ್ಲ. ನಮ್ಮ ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನು ನೋಡಿ. ಸುಣ್ಣದಕಲ್ಲು ನಮ್ಮದು, ಧೂಳೂ ನಮ್ಮದೇ. ಅಲ್ಲಿ ಹುಟ್ಟುವ ಮೌಲ್ಯವೆಲ್ಲ ಕಲಬುರಗಿಯ ಉತ್ಪನ್ನವೆಂದು ಬರೆಯುತ್ತಾರೆ, ಲಾಭ ಮಾತ್ರ ಹೊರಗಿನ ಷೇರುದಾರರಿಗೆ. ಅಂದರೆ ಆ 1.5 ಲಕ್ಷದೊಳಗಿನ ಅಂಕಿಯಲ್ಲೂ ನಮ್ಮವರ ಕೈ ಮುಟ್ಟದ ದುಡ್ಡು ಸೇರಿದೆ. ಇಲ್ಲಿನ ಬಡತನ ನಿಮ್ಮ ಚಿತ್ರಕ್ಕಿಂತ ಕಡಿಮೆ ಇದ್ದೀತು, ಹೆಚ್ಚೂ ಇದ್ದೀತು. ಅದು ಗೊತ್ತಾಗಬೇಕಾದರೆ ಮನೆ ಮನೆಯ ಖರ್ಚು ವೆಚ್ಚ ಕೇಳಬೇಕು.

ಬಾಡಿಗೆಯದೊಂದು ವಿಷಯ ನಿಮ್ಮ ವರದಿಗಾರರ ಕಣ್ಣಿಗೇ ಬಿದ್ದಂತಿಲ್ಲ. ಸ್ವಂತ ಮನೆಯಲ್ಲಿ ಇರುವವನು ತನಗೆ ತಾನೇ ಬಾಡಿಗೆ ಕೊಟ್ಟುಕೊಳ್ಳುತ್ತಾನೆ ಎಂದು ಲೆಕ್ಕ ಹಿಡಿದು, ಅದನ್ನೂ ಉತ್ಪನ್ನಕ್ಕೆ ಸೇರಿಸುವುದು ಪದ್ಧತಿ. ನಮ್ಮ ಬೀಗರ ಮನೆ ಇರುವ ಬೀದಿಯಲ್ಲಿ ಎರಡು ಕೋಣೆಯ ಮನೆಗೆ ತಿಂಗಳಿಗೆ ಮೂವತ್ತು ಸಾವಿರ. ಸೇಡಂನಲ್ಲಿ ಅಂಗಳ, ಬಾವಿ, ಬೇವಿನಮರ ಎಲ್ಲಾ ಇರುವ ನಮ್ಮ ಮನೆಗೆ ಐದು ಸಾವಿರ ಕೊಡುವವರೂ ಇಲ್ಲ. ಬೀಗರು ಬೆಳಿಗ್ಗೆ ಎದ್ದು ತಮ್ಮ ಮನೆಯ ಸೋಫಾದ ಮೇಲೆ ಕೂತರೆ ಸಾಕು, ನನಗಿಂತ ಆರು ಪಟ್ಟು ಉತ್ಪಾದನೆ ಮಾಡಿಬಿಟ್ಟರು! ಎರಡು ಊರಿನ ಬೆಲೆಗಳನ್ನು ಸರಿದೂಗಿಸದೆ ರೂಪಾಯಿಗೆ ರೂಪಾಯಿ ಇಟ್ಟು ತೂಗಿದರೆ ಇಂಥ ವಿನೋದಗಳು ಹುಟ್ಟುತ್ತವೆ. ಹಾಗೆ ಸರಿದೂಗಿಸಿದ್ದೀರಾ ಎಂದು ವರದಿಯಲ್ಲಿ ಹುಡುಕಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಹುಡುಕಿದೆ. ಇಲ್ಲ.

ಬರೆಯಲು ಕೂತಿದ್ದೇನೆಂದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅದೇ ವರದಿಯ ಒಳಪುಟದಲ್ಲಿ "ಬೆಂಗಳೂರಿನ ತೆರಿಗೆಯಲ್ಲಿ ಕಲ್ಯಾಣ ಕರ್ನಾಟಕ" ಎಂಬ ಚುಚ್ಚುಮಾತಿದೆ. ಹದಿನೈದನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದಾಗ ಅನ್ಯಾಯ ಅನ್ಯಾಯ ಎಂದು ವಾರಗಟ್ಟಲೆ ಬರೆದದ್ದು ನೀವೇ ಅಲ್ಲವೇ? ಪಾಲು ಹಂಚುವ ಸೂತ್ರದಲ್ಲಿ ನೂರಕ್ಕೆ 45 ಅಂಕ ಇದ್ದದ್ದು ಇದೇ ತಲಾ ಉತ್ಪನ್ನಕ್ಕೆ. ಯಾವ ರಾಜ್ಯದ್ದು ಹೆಚ್ಚೋ ಅದಕ್ಕೆ ಪಾಲು ಕಡಿಮೆ. ಬೆಂಗಳೂರಿನ ಉತ್ಪನ್ನವನ್ನು ಇಡೀ ರಾಜ್ಯದ ತಲೆಗಳ ಮೇಲೆ ಹರಡಿ, ಕರ್ನಾಟಕ ಶ್ರೀಮಂತ ರಾಜ್ಯವೆಂದು ದೆಹಲಿಯವರು ತೀರ್ಮಾನಿಸಿದರು. ಆ ಹರಡುವಿಕೆಯಲ್ಲಿ ನಮ್ಮ ತಾಂಡಾದ ಮುದುಕಿಯೂ ಶ್ರೀಮಂತೆಯಾದಳು. ಅವಳ ಪಾಲಿಗೆ ಬರಬಹುದಾಗಿದ್ದ ಕೇಂದ್ರದ ದುಡ್ಡು ಬೆಂಗಳೂರಿನ ದೆಸೆಯಿಂದ ತಪ್ಪಿತು. ಸರಾಸರಿ ತೆಗೆದು ದೆಹಲಿ ಮಾಡಿದರೆ ಅನ್ಯಾಯ, ಅದೇ ಸರಾಸರಿ ತೆಗೆದು ನೀವು ಮಾಡಿದರೆ ಭಾನುವಾರದ ವಿಶೇಷ!

ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದಿರುವಿಕೆಯನ್ನು ಅಳೆಯಲು 35 ಸೂಚಕಗಳನ್ನು ಇಟ್ಟುಕೊಂಡಿತ್ತು. ಜಿಲ್ಲೆ ಜಿಲ್ಲೆಗೆ ಸರಾಸರಿ ತೆಗೆದು ಕೈತೊಳೆದುಕೊಳ್ಳದೆ ತಾಲ್ಲೂಕುಗಳಿಗೆ ಇಳಿದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಆ ಪಟ್ಟಿಯಲ್ಲಿ ಮೈಸೂರು ಸೀಮೆಯ ತಾಲ್ಲೂಕುಗಳೂ ಇದ್ದವು ಎಂಬುದನ್ನು ಯಾರೂ ನೆನಪಿಸುವುದಿಲ್ಲ. ಜಿಲ್ಲೆಯೊಂದರ ಒಳಗೇ ಎಷ್ಟು ಅಂತರವಿದೆ ಎಂದು ಅದನ್ನು ಓದಿದರೆ ತಿಳಿಯುತ್ತದೆ. ನೀವು ಮೂವತ್ತೈದನ್ನು ಬಿಟ್ಟು ಒಂದನ್ನು ಹಿಡಿದಿರಿ; ಅದಕ್ಕೂ ತಪ್ಪು ಹೆಸರು ಕೊಟ್ಟಿರಿ.

ತಪ್ಪೊಪ್ಪಿಗೆ ಬೇಡ. ಮುಂದಿನ ಭಾನುವಾರ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, "ಗಳಿಕೆ" ಎಂದದ್ದು ಉತ್ಪನ್ನವಾಗಬೇಕಿತ್ತು ಎಂದು ಒಂದು ಸಾಲು ಹಾಕಿ. ಬೀಗರಿಗೆ ನಾನೇ ಫೋನ್ ಮಾಡುತ್ತೇನೆ.

ಅಂದಹಾಗೆ, ನಿಮ್ಮ ಚಿತ್ರಕಾರರು ಆ ಐವರು ಕಲಬುರಗಿಯವರ ತಲೆಗೆ ಸುತ್ತಿದ್ದು ಮೈಸೂರು ಪೇಟ.

ಇಂತಿ,
ನಿವೃತ್ತ ಸಾಂಖ್ಯಿಕ ನಿರೀಕ್ಷಕ,
ಸೇಡಂ, ಕಲಬುರಗಿ ಜಿಲ್ಲೆ