ಮಂಚದ ಮೇಲಿನ ಅಂಗಿಗೆ ಭುಜವಿಲ್ಲ!

ಈಗ ಯಾರ ಮನೆಯಲ್ಲಿ ಯಾರಿಗೆ ಮೊದಲ ಇಂಟರ್‌ವ್ಯೂ ಬಂದರೂ ಒಂದು ಫೋಟೊ ಬರುತ್ತದೆ. ಮಂಚದ ಮೇಲೆ ನಾಲ್ಕೈದು ಅಂಗಿ, ಎರಡು ಪ್ಯಾಂಟು, ಪಕ್ಕದಲ್ಲಿ ಸುತ್ತಿಟ್ಟ ಬೆಲ್ಟು. ಕೆಳಗೆ ಒಂದೇ ಸಾಲು: "ಯಾವ್ದು ಹಾಕ್ಕೊಳ್ಲಿ?" ಐದು ನಿಮಿಷದಲ್ಲಿ ಮನೆಮಂದಿಯೆಲ್ಲ ಓಟು ಹಾಕಿ ಮುಗಿಸಿರುತ್ತಾರೆ. ಇಂಥ ಫೋಟೊ ನೋಡಿ ಬಟ್ಟೆ ಆರಿಸಬಾರದು ಅನ್ನುವವನು ನಾನು. ಊರು ದೂರ, ಬೇರೆ ದಾರಿಯಿಲ್ಲ ಅಂತಾದರೆ ಫೋಟೊ ತೆಗೆಯುವ ರೀತಿಯನ್ನಾದರೂ ಬದಲಿಸಬೇಕು.

ಯಾಕೆ ಅಂದರೆ, ಮಂಚದ ಮೇಲೆ ಹರಡಿದ ಬಟ್ಟೆಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಹೊಸದು, ಹೊಳೆಯುವಂಥದ್ದು. ನಾವು ಓಟು ಹಾಕುವುದೂ ಅದಕ್ಕೇ. ಅಂದರೆ ನಾವು ಆರಿಸುತ್ತಿರುವುದು ರಿಸೆಪ್ಷನ್‌ಗೆ ಹೋಗುವ ಹುಡುಗನ ಬಟ್ಟೆ! ಇಂಟರ್‌ವ್ಯೂನಲ್ಲಿ ಹುಡುಗ ಮಲಗಿರುವುದಿಲ್ಲ, ನಿಂತಿರುವುದೂ ಕಡಿಮೆ. ಅರ್ಧ ಗಂಟೆ ಕುರ್ಚಿಯಲ್ಲಿ ಕೂತಿರುತ್ತಾನೆ. ಎದುರಿಗಿರುವವರಿಗೆ ಕಾಣುವುದು ಕಾಲರ್, ಭುಜ, ಎದೆ ಮತ್ತು ಕೈ, ಇಷ್ಟೇ.

ಸಾಗರದಲ್ಲಿರುವ ನನ್ನ ಅಕ್ಕನ ಮಗನ ಕತೆಯನ್ನೇ ಹೇಳುತ್ತೇನೆ. ಬಿಕಾಂ ಮುಗಿಸಿದ್ದ. ಬೆಂಗಳೂರಿನ ಒಂದು ಆಫೀಸಿನಿಂದ ಅಕೌಂಟ್ಸ್ ಕೆಲಸಕ್ಕೆ ಕರೆ ಬಂದಿತ್ತು. ರಾತ್ರಿ ಒಂಬತ್ತಕ್ಕೆ ಫೋಟೊ ಬಂತು. ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದ ಮಿರಮಿರ ಮೆರೂನ್ ಅಂಗಿ, ಚಿಕ್ಕಪ್ಪನಿಂದ ತಂದ ಬಿಳಿ ಅಂಗಿ, ಅವನದೇ ತಿಳಿನೀಲಿಯದೊಂದು, ಒಂದು ಕಪ್ಪು ಅಂಗಿ. ಜೊತೆಗೆ ಎರಡು ಕಪ್ಪು ಪ್ಯಾಂಟು, ಕಂದು ಬೆಲ್ಟು, ಚಿಕ್ಕಪ್ಪನದೇ ಬ್ಲೇಜರ್. ಇವೆಲ್ಲದರ ಕೆಳಗೆ ದೊಡ್ಡ ದೊಡ್ಡ ಕೆಂಪು ಹೂವಿನ ಬೆಡ್‌ಶೀಟು. ಮನೆಯವರ ಗುಂಪಿನಲ್ಲಿ ಮೆರೂನ್ ಅಂಗಿ ಮತ್ತು ಬ್ಲೇಜರ್ ಭಾರಿ ಬಹುಮತದಿಂದ ಗೆದ್ದಿದ್ದವು. ಭಾವನಂತೂ "ಬೇಕಾದ್ರೆ ಶಿವಮೊಗ್ಗಕ್ಕೆ ಹೋಗಿ ಒಂದು ಸೂಟೇ ತರೋಣ, ಎಂಟು ಸಾವಿರ ಆದ್ರೂ ಆಗ್ಲಿ" ಅಂತ ಸಾಲ ಮಾಡಲು ತಯಾರಾಗಿ ಕೂತಿದ್ದರು. ಅದು ಅವರ ಕೈಗೆ ಹಗುರಾದ ದುಡ್ಡಲ್ಲ.

"ಮಾಮ, ನೀನೇನ್ ಹೇಳ್ತೀಯ?" ಅಂದ.

"ಏನೂ ಹೇಳಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಲೈಟ್ ಆರಿಸಿ, ಕಿಟಕಿ ಪಕ್ಕ ಇಟ್ಟು ಮತ್ತೆ ತೆಗಿ. ಪ್ರತಿ ಬಟ್ಟೆ ಮೇಲೂ ಒಂದು ಬಿಳಿ ಎ4 ಹಾಳೆ ಇಡು" ಅಂದೆ. ಅವನಿಗೆ ಮಾಮನಿಗೆ ಏನೋ ಆಗಿದೆ ಅನ್ನಿಸಿರಬೇಕು :)

ಹಾಳೆ ಯಾಕೆ ಅಂತ ಹೇಳುತ್ತೇನೆ. ಮೊದಲನೆಯದು ಬಣ್ಣ. ಫೋನಿನ ಕ್ಯಾಮೆರಾ ಬಟ್ಟೆಯ ಬಣ್ಣವನ್ನು ಇದ್ದ ಹಾಗೆ ಹಿಡಿಯುವುದಿಲ್ಲ. ಚೌಕಟ್ಟಿನೊಳಗೆ ಬಿದ್ದದ್ದನ್ನೆಲ್ಲ ನೋಡಿ, ಇಲ್ಲಿ ಬೆಳಕು ಯಾವ ಬಣ್ಣದ್ದು, ಎಷ್ಟು ಇದೆ ಅಂತ ತಾನೇ ಲೆಕ್ಕ ಹಾಕಿ ತಿದ್ದುತ್ತದೆ. ಕೆಂಪು ಬೆಡ್‌ಶೀಟು ಚೌಕಟ್ಟನ್ನು ತುಂಬಿದರೆ ಕೆಂಪು ಜಾಸ್ತಿಯಾಯಿತೆಂದು ಅದನ್ನು ಕಡಿಮೆ ಮಾಡಲು ಹೋಗುತ್ತದೆ, ಬಿಳಿ ಅಂಗಿ ಹಸಿರು-ನೀಲಿಯ ಕಡೆ ವಾಲುತ್ತದೆ. ಬಿಳಿ ಪಂಚೆ ಹಾಸಿದರೆ ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡುತ್ತದೆ, ಗಾಢ ಬಣ್ಣಗಳೆಲ್ಲ ಕಪ್ಪಾಗುತ್ತವೆ. (ನಮ್ಮ ಕಡೆಯ ಹಳೇ ಮನೆಗಳ ಕೆಂಪು ನೆಲವೂ ಇದಕ್ಕೆ ಪ್ರಯೋಜನವಿಲ್ಲ!) ಬೂದಿ ಬಣ್ಣದ ಸಾದಾ ಬೆಡ್‌ಶೀಟಾದರೆ ಉತ್ತಮ. ಜೊತೆಗೆ ರಾತ್ರಿಯ ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿಯ ಪಾಲು ಬಹಳ ಕಡಿಮೆ. ಗಾಢ ನೀಲಿ ಬಟ್ಟೆಗೆ ತಿರುಗಿಸಿ ಕಳಿಸಲು ನೀಲಿಯೇ ಸಿಗದಿದ್ದರೆ ಅದು ಕಪ್ಪಾಗಿಯೇ ಕಾಣುತ್ತದೆ, ಕ್ಯಾಮೆರಾಕ್ಕೂ ಕಣ್ಣಿಗೂ.

ಬಿಳಿ ಹಾಳೆ ಇದಕ್ಕೆ ಸಾಕ್ಷಿ ಇದ್ದ ಹಾಗೆ. ಫೋಟೊದಲ್ಲಿ ಹಾಳೆ ಬಿಳಿಯಾಗಿ ಕಂಡರೆ ಬಟ್ಟೆಯ ಬಣ್ಣವನ್ನೂ ನಂಬಬಹುದು. ಹಾಳೆ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಮಿಕ್ಕಿದ್ದೆಲ್ಲ ಅಷ್ಟೇ ಜಾರಿದೆ ಅಂತ ಅರ್ಥ. ಬೆಳಗಿನ ಫೋಟೊ ಬಂದಾಗ ನೋಡಿದರೆ ಎರಡು ಕಪ್ಪು ಪ್ಯಾಂಟುಗಳಲ್ಲಿ ಒಂದು ಕಪ್ಪೇ ಅಲ್ಲ, ನೇವಿ ಬ್ಲೂ! ಇನ್ನೊಂದು ಕಪ್ಪೇ, ಆದರೆ ಒಗೆದು ಒಗೆದು ಕಂದು ತಿರುಗಿತ್ತು. ರಾತ್ರಿ ಎರಡೂ ಅವಳಿಗಳ ಹಾಗೆ ಮಲಗಿದ್ದವು. ಕಪ್ಪು ಪ್ಯಾಂಟಿಗೆ ಕಪ್ಪು ಬ್ಲೇಜರ್ ಜೊತೆ ಮಾಡುವವರು ಇದನ್ನು ಗಮನಿಸಬೇಕು. ಬೇರೆ ಬೇರೆ ಅಂಗಡಿಯ ಎರಡು ಕಪ್ಪುಗಳು ಬಲ್ಬಿನ ಕೆಳಗೆ ಒಂದೇ ಥರ ಕಂಡು, ಬಿಸಿಲಿಗೆ ಬಂದಾಗ ಒಂದು ಹಸಿರು ಕಪ್ಪು, ಇನ್ನೊಂದು ಕೆಂಪು ಕಪ್ಪು ಆಗಬಹುದು. ಬಣ್ಣ ಹಾಕಿದ ಪುಡಿಯೇ ಬೇರೆಯಾದ್ದರಿಂದ ಹೀಗೆ.

ಹಾಳೆಯ ಎರಡನೇ ಉಪಯೋಗ ಇನ್ನೂ ದೊಡ್ಡದು. ಎ4 ಹಾಳೆಯ ಉದ್ದ ಎಲ್ಲ ಕಡೆಯೂ 29.7 ಸೆಂ.ಮೀ. ಅಂದರೆ ಫೋಟೊದೊಳಗೆ ಒಂದು ಸ್ಕೇಲ್ ಸಿಕ್ಕಿದಂತಾಯಿತು. ಆದರೆ ಮಂಚದ ಕಾಲ ಬಳಿ ನಿಂತು ಓರೆಯಾಗಿ ತೆಗೆದ ಫೋಟೊದಲ್ಲಿ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಅದಕ್ಕೇ ಸ್ಟೂಲ್ ಹತ್ತಿ ನೇರ ಮೇಲಿನಿಂದ, ಒಂದು ಸಲಕ್ಕೆ ಒಂದೇ ಅಂಗಿ ನಡುವಿಗೆ ಬರುವಂತೆ ತೆಗೆಯಬೇಕು. ಹಾಳೆ ಅಂಗಿಯ ಮೇಲೆಯೇ ಇರಬೇಕು.

ಈಗ ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆಯವರೆಗೆ ಅಳೆದುಕೊಳ್ಳಿ. ಅವನ ತಿಳಿನೀಲಿ ಅಂಗಿಯಲ್ಲಿ ಈ ಅಳತೆ ಒಂದೂವರೆ ಹಾಳೆ, ಸುಮಾರು 44.5 ಸೆಂ.ಮೀ. ಅದು ಅವನಿಗೆ ಸರಿಯಾಗಿ ಕೂರುವ ಅಂಗಿ ಅಂತ ನನಗೆ ಗೊತ್ತಿತ್ತು, ಹೊಲಿಗೆ ಸರಿಯಾಗಿ ಭುಜದ ಮೂಳೆಯ ತುದಿಗೆ ಬರುತ್ತದೆ. ಚಿಕ್ಕಪ್ಪನ ಬಿಳಿ ಅಂಗಿಯಲ್ಲಿ ಅದೇ ಅಳತೆ ಒಂದು ಹಾಳೆ ಮತ್ತು ಇನ್ನೊಂದರ ಮೂರನೇ ಎರಡು ಭಾಗ, ಅಂದರೆ 49.5. ಐದು ಸೆಂ.ಮೀ. ಹೆಚ್ಚು. ಹಾಕಿಕೊಂಡರೆ ಹೊಲಿಗೆ ಆ ಕಡೆ ಎರಡೂವರೆ, ಈ ಕಡೆ ಎರಡೂವರೆ ಕೆಳಗೆ ಜಾರುತ್ತದೆ, ತೋಳಿನ ತುದಿಯೂ ಅಷ್ಟೇ ಕೆಳಗಿಳಿದು ಅಂಗೈಗೆ ಬರುತ್ತದೆ. ಕಾಲರ್ ಪಟ್ಟಿಯಲ್ಲಿ 44 ಅಂತಿತ್ತು. ನಮ್ಮಲ್ಲಿ ಫಾರ್ಮಲ್ ಅಂಗಿಗಳ ಮೇಲಿರುವ 39, 40, 42, 44 ಅನ್ನುವುದು ಕಾಲರಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. ಹುಡುಗನದು 39. ಆ ಅಂಗಿಯ ಮೇಲಿನ ಗುಂಡಿ ಹಾಕಿದರೆ ಕತ್ತಿನ ಸುತ್ತ ಎರಡು ಬೆರಳಲ್ಲ, ಒಂದು ಕಿತ್ತಳೆಯೇ ಹಿಡಿಸುತ್ತಿತ್ತೇನೋ. ಮಂಚದ ಮೇಲೆ ಮಾತ್ರ ಅದೇ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತಿತ್ತು!

ಬ್ಲೇಜರಿನ ಪಾಡೂ ಇದೇ. ಅಂಗಿ ದೊಡ್ಡದಾದರೆ ದರ್ಜಿ ಪಕ್ಕದ ಹೊಲಿಗೆಯಲ್ಲಿ ಸ್ವಲ್ಪ ಒಳಗೆ ಹಿಡಿಯಬಹುದು, ತೋಳು ಮಡಿಚಿ ಹೊಲಿಯಬಹುದು. ಬ್ಲೇಜರಿನ ಭುಜವನ್ನು ಮಾತ್ರ ಯಾವ ದರ್ಜಿಯೂ ಖುಷಿಯಿಂದ ಮುಟ್ಟುವುದಿಲ್ಲ. ತೋಳು ಬಿಚ್ಚಿ, ಒಳಗಿನ ಪ್ಯಾಡ್ ತೆಗೆದು ಮತ್ತೆ ಕಟ್ಟಬೇಕು. ಹಾಗಾಗಿ ಎರವಲು ಬ್ಲೇಜರಿನ ಭುಜ ಸರಿಯಿಲ್ಲದಿದ್ದರೆ ಅಲ್ಲಿಗೆ ಅದು ಮುಗಿಯಿತು. ಅಷ್ಟಕ್ಕೂ ನಾನು ಅವನಿಗೆ ಕೇಳಿದ್ದು ಒಂದೇ, "ಆ ಆಫೀಸಲ್ಲಿ ದಿನಾ ಕೆಲಸಕ್ಕೆ ಏನ್ ಹಾಕ್ಕೊಂಡ್ ಬರ್ತಾರೆ?" ಕರೆ ಬಂದ ನಂಬರಿಗೆ ಫೋನ್ ಮಾಡಿ ವಿಚಾರಿಸಿದ. ಅಂಗಿ-ಪ್ಯಾಂಟು ಸಾಕು ಅಂದರಂತೆ. ಎಂಟು ಸಾವಿರ ಅಲ್ಲೇ ಉಳಿಯಿತು.

ಇನ್ನು ಮೆರೂನ್ ಅಂಗಿ. ಪ್ಯಾಕೆಟ್ಟಿನ ಮಡಿಕೆ ಗೆರೆಗಳು ಒಗೆಯದ ಅಂಗಿಯಲ್ಲಿ ಒಂದು ಇಸ್ತ್ರಿಗೆ ಹೋಗುವುದಿಲ್ಲ, ಎದೆಯ ಮೇಲೆ ಚೌಕ ಚೌಕವಾಗಿ ಉಳಿಯುತ್ತವೆ. ಕಾಲರಿನ ಹಿಂದೆ ಗುಂಡುಸೂಜಿಯೂ ಉಳಿದಿರಬಹುದು, ಅದು ನೆನಪಾಗುವುದು ಇಂಟರ್‌ವ್ಯೂ ನಡುವೆ! ಅದಕ್ಕಿಂತ ಮುಖ್ಯವಾಗಿ, ಆ ಹೊಳಪಿನ ಬಟ್ಟೆ ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ಪ್ರತಿ ಸುಕ್ಕನ್ನೂ ಎತ್ತಿ ತೋರಿಸುತ್ತದೆ.

ಉಳಿದದ್ದು ತಿಳಿನೀಲಿ. ಯಾರೂ ಓಟು ಹಾಕದ ಅಂಗಿ. ಅದನ್ನೂ ಹಾಗೇ ಒಪ್ಪಲಿಲ್ಲ. ಕಾಲರಿನ ಮಡಿಕೆ, ತೋಳಿನ ತುದಿ ಎರಡನ್ನೂ ಹತ್ತಿರದಿಂದ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸು ಅಂದೆ. ಸುಮ್ಮನೆ ಕಳಿಸಿದರೆ ವಾಟ್ಸಾಪ್ ಫೋಟೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ನೂಲು ಸವೆದದ್ದು, ಕೊಳೆ ಗೆರೆ ಎಲ್ಲ ಮಾಯ. ಸವೆದಿರಲಿಲ್ಲ. ಆಮೇಲೆ ಹಾಕಿಕೊಂಡು ಕುರ್ಚಿ ಮೇಲೆ ಕೂತು, ಪಕ್ಕದಿಂದ ಒಂದು ಫೋಟೊ, ಎದುರಿನಿಂದ ಒಂದು. ನನ್ನ ಪ್ರಕಾರ ಇವೆರಡೇ ನಿಜವಾದ ಫೋಟೊಗಳು. ಕೂತಾಗ ಹೊಟ್ಟೆಯ ಬಳಿ ಗುಂಡಿಗಳ ನಡುವೆ ಬಾಯಿ ಬಿಡುತ್ತದಾ? ಕೈ ಎತ್ತಿ ಇಳಿಸಿದರೆ ಅಂಗಿ ಪ್ಯಾಂಟಿನಿಂದ ಹೊರಗೆ ಬರುತ್ತದಾ? ಪ್ಯಾಂಟು ಮೇಲೆ ಸರಿದು ಸಾಕ್ಸ್ ಮುಗಿದು ಕಾಲು ಕಾಣುತ್ತದಾ? ಕಾಣುತ್ತಿತ್ತು. ನೇವಿ ಪ್ಯಾಂಟಿನ ಒಳಮಡಿಕೆಯಲ್ಲಿ ಎರಡು ಇಂಚು ಬಟ್ಟೆಯಿತ್ತು, ದರ್ಜಿ ಒಂದು ಇಂಚು ಬಿಚ್ಚಿಕೊಟ್ಟ. ಸಾಕ್ಸ್ ಉದ್ದನೆಯದು ತಂದ. ಶೂ ಕಪ್ಪು ಇದ್ದದ್ದರಿಂದ ಕಂದು ಬೆಲ್ಟ್ ಬಿಟ್ಟು ಕಪ್ಪು ಬೆಲ್ಟ್ ಕೊಂಡ. ಒಟ್ಟು ಖರ್ಚು ಬೆಲ್ಟು, ಸಾಕ್ಸು, ದರ್ಜಿಯ ಕೂಲಿ.

ತಿಳಿನೀಲಿಗೆ ಒಂದು ದೋಷವಿದೆ, ಯಾವ ಫೋಟೊದಲ್ಲೂ ಸಿಗುವುದಿಲ್ಲ. ಬೆವರಿದರೆ ಕಂಕುಳಲ್ಲಿ, ಬೆನ್ನಲ್ಲಿ ಗಾಢ ಕಲೆ ಎದ್ದು ಕಾಣುತ್ತದೆ. ಬಿಳಿಯಲ್ಲಿ ಅಷ್ಟು ಕಾಣುವುದಿಲ್ಲ. ಆದರೆ ತೆಳು ಬಿಳಿ ಅಂಗಿಯಲ್ಲಿ ಒಳಗಿನ ಬನಿಯನ್ ಕಾಣುತ್ತದೆ. ಅಂಗಿಯೊಳಗೆ ಕೈ ಹಾಕಿ ನೋಡಿದರೆ ಗೊತ್ತಾಗುತ್ತದೆ, ಬೆರಳು ಎಣಿಸಲು ಬಂದರೆ ಬಟ್ಟೆ ತೆಳು. ಆಗ ಬಿಳಿ ಬನಿಯನ್‌ಗಿಂತ ತಿಳಿ ಬೂದಿ ಬಣ್ಣದ ಬನಿಯನ್ ಕಡಿಮೆ ಕಾಣುತ್ತದೆ. ನಮ್ಮ ಹುಡುಗ ರಾತ್ರಿ ಬಸ್ಸಿಗೆ ಟೀ ಶರ್ಟಿನಲ್ಲೇ ಬಂದು, ನಮ್ಮ ಮನೆಯಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಿ ಹೊರಟ. ಒಳಗೆ ಹತ್ತಿ ಬನಿಯನ್. ಇಪ್ಪತ್ತು ನಿಮಿಷ ಮುಂಚೆ ತಲುಪಿ ಫ್ಯಾನ್ ಕೆಳಗೆ ಕೂತಿದ್ದನಂತೆ.

ಕೆಲಸ ಸಿಕ್ತಾ ಅಂತ ಕೇಳುತ್ತೀರಿ, ಗೊತ್ತು. ಆ ಆಫೀಸಿನಲ್ಲಿ ಸಿಗಲಿಲ್ಲ. ಟ್ಯಾಲಿಯಲ್ಲಿ ಜಿಎಸ್‌ಟಿ ಎಂಟ್ರಿ ಮಾಡಿ ತೋರಿಸು ಅಂದರಂತೆ, ತಡವರಿಸಿದ್ದಾನೆ. ಅಂಗಿ ಅದಕ್ಕೇನು ಮಾಡೀತು? ಅದೇ ಅಂಗಿಯಲ್ಲಿ ಎರಡು ತಿಂಗಳ ನಂತರ ಇನ್ನೊಂದು ಕಡೆ ಹೋಗಿ ಬಂದ, ಈಗ ಅಲ್ಲಿದ್ದಾನೆ. ಭಾವ ಸೂಟಿಗೆ ಎತ್ತಿಟ್ಟ ಮಾತು ಟ್ಯಾಲಿ ಕ್ಲಾಸಿನ ಫೀಸಿಗೆ ತಿರುಗಿತು.

ಹೆಣ್ಣುಮಕ್ಕಳ ಫೋಟೊಗಳೂ ಬರುತ್ತವೆ. ಅಲ್ಲೂ ಹಾಳೆ, ಕಿಟಕಿ, ಕುರ್ಚಿ ಇವೇ ಮೂರು. ಕುರ್ತಾದ ಪಕ್ಕದ ಸೀಳು ಮಂಚದ ಮೇಲೆ ಗೊತ್ತಾಗುವುದಿಲ್ಲ, ಕೂತಾಗ ಎಲ್ಲಿಯವರೆಗೆ ಸರಿಯುತ್ತದೆ ಅಂತ ನೋಡಬೇಕು. ತಿಳಿ ಬಣ್ಣದ ಲೆಗ್ಗಿಂಗ್ಸನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಬೇಕು. ದುಪಟ್ಟಾಕ್ಕೆ ಎರಡೂ ಭುಜದಲ್ಲಿ ಪಿನ್ ಹಾಕಿ, ಫೈಲು ಹಿಡಿದು, ಒಂದು ಸಲ ಬಗ್ಗಿ ಎದ್ದ ಮೇಲೆಯೇ ಫೋಟೊ ತೆಗೆಸಿಕೊಳ್ಳಲಿ.