ಒಂದೇ ಪದ ಕೊಡಿ ಅನ್ನೋರಿಗೆ

ಶುಕ್ರವಾರ ಸಂಜೆ ಆರೂವರೆಗೆ ಬರೋ ಮೇಲ್‌ಗಳದ್ದೇ ಒಂದು ಜಾತಿ. "ಅಗ್ರಿಮೆಂಟ್ ಅಟ್ಯಾಚ್ ಮಾಡಿದ್ದೀನಿ, ಸೋಮವಾರ ಬೆಳಗ್ಗೆ ಜಪಾನಿ ಆವೃತ್ತಿ ಬೇಕು. ಇಂಡೆಮ್ನಿಟಿ, ಕನ್ಸಿಡರೇಷನ್ ಎರಡಕ್ಕೂ ನಮ್ಮ ಗ್ಲಾಸರಿಯಲ್ಲಿರೋ ಪದಾನೇ ಹಾಕಿ. ವಿವರಣೆ ಬೇಡ." ಬೆಂಗಳೂರಲ್ಲಿ ಕೂತು ಕರಾರುಗಳನ್ನ ಜಪಾನಿಗೆ ಅನುವಾದ ಮಾಡಿ ಹೊಟ್ಟೆ ಹೊರೆಯೋ ನನಗೆ ಈ ಕೊನೆಯ ಸಾಲು ಕಂಡರೆ ಮೈ ಉರಿಯುತ್ತೆ. ಯಾಕಂದ್ರೆ ಆ ಎರಡು ಪದಗಳಿಗೆ ವಿವರಣೆ ಬಿಟ್ಟು ಬೇರೆ ಅನುವಾದವೇ ಇಲ್ಲ.

ಮೊದಲು ಕನ್ಸಿಡರೇಷನ್ ನೋಡಿ. ಇಂಗ್ಲಿಷರ ಕಾನೂನಿನಲ್ಲಿ ಬರೀ ಮಾತು ಕೊಟ್ಟರೆ ಕರಾರಾಗಲ್ಲ. ಆ ಮಾತಿಗೆ ಬದಲಾಗಿ ಏನಾದರೂ ಸಿಗಬೇಕು. ನಮ್ಮ 1872ರ ಕರಾರು ಕಾಯ್ದೆಯ 25ನೇ ಕಲಮೂ ಇದನ್ನೇ ಹೇಳುತ್ತೆ: ಕೆಲವು ವಿನಾಯಿತಿ ಬಿಟ್ಟರೆ ಪ್ರತಿಫಲವಿಲ್ಲದ ಒಪ್ಪಂದ ಅನೂರ್ಜಿತ. ಜಪಾನಿನ ಸಿವಿಲ್ ಕೋಡ್‌ನಲ್ಲಿ ಈ ಷರತ್ತೇ ಇಲ್ಲ. ಒಬ್ಬ ಕೇಳಿದ, ಇನ್ನೊಬ್ಬ ಒಪ್ಪಿದ, ಕರಾರಾಯ್ತು. ಪುಕ್ಕಟೆ ಕೊಡುಗೆ ಕೂಡ ಅಲ್ಲಿ 549ನೇ ಕಲಮಿನ ಪ್ರಕಾರ ಕರಾರೇ. ಬರಹದಲ್ಲಿ ಇಲ್ಲದಿದ್ದರೆ, ಇನ್ನೂ ಕೊಟ್ಟಿರದ ಭಾಗವನ್ನ ರದ್ದು ಮಾಡಬಹುದು, ಅಷ್ಟೇ.

ಹಾಗಾಗಿ ಜಪಾನಿ ಪಂಡಿತರು ಈ ವಿದೇಶಿ ವಸ್ತುವಿಗೆ ಒಂದು ಪದ ಕಟ್ಟಿದರು: ಯಕುಇನ್. ಯಕು ಅಂದ್ರೆ ವಾಗ್ದಾನ, ಇನ್ ಅಂದ್ರೆ ಕಾರಣ. ಲಾ ಕಾಲೇಜಲ್ಲಿ ಇಂಗ್ಲಿಷ್ ಕಾನೂನು ಓದಿದವರಿಗೆ ಅದು ಗೊತ್ತು. ಒಸಾಕಾದ ಖರೀದಿ ವಿಭಾಗದ ಮ್ಯಾನೇಜರಿಗೆ ಗೊತ್ತಿರಬೇಕು ಅಂತೇನೂ ಇಲ್ಲ. ಇನ್ನು ಆತುರದ ಅನುವಾದಕರು ಕರಾರಿನ ಮೊದಲ ಸಾಲನ್ನ "ಪರಸ್ಪರ ವಾಗ್ದಾನಗಳನ್ನು ಗಮನದಲ್ಲಿಟ್ಟುಕೊಂಡು" ಅನ್ನೋ ಅರ್ಥದಲ್ಲಿ 'ಕೋರ್ಯೋ ಶಿತೆ' ಅಂತ ಬರೆದುಬಿಡ್ತಾರೆ. ನೋಡೋಕೆ ಚೆನ್ನಾಗಿರುತ್ತೆ. ಆದರೆ ಅದು ಕರಾರಿನ ಬೆಲೆಯನ್ನ ಮರ್ಯಾದೆಯ ಮಾತಾಗಿ ಮಾಡಿಬಿಟ್ಟಿತು.

ಇದರಿಂದ ಯಾರಿಗೆ ನಷ್ಟ ಅಂತೀರಾ? ಬೆಂಗಳೂರಿನ ಕಂಪನಿ ಒಂದು ಕೊಟೇಶನ್ ಕಳಿಸುತ್ತೆ ಅಂದುಕೊಳ್ಳಿ: "ಈ ದರ 30 ದಿನ ಚಾಲ್ತಿಯಲ್ಲಿರುತ್ತದೆ." ನಮ್ಮ ಕಾಯ್ದೆಯ 5ನೇ ಕಲಮಿನ ಪ್ರಕಾರ ಒಪ್ಪಿಗೆ ಪೂರ್ಣವಾಗುವವರೆಗೆ ಅದನ್ನ ಹಿಂತೆಗೆದುಕೊಳ್ಳಬಹುದು. 30 ದಿನ ತೆರೆದಿಡ್ತೀನಿ ಅಂದ ಮಾತಿಗೆ ಪ್ರತಿಫಲ ಇರಲಿಲ್ಲವಲ್ಲ! ಜಪಾನಿನ ಸಿವಿಲ್ ಕೋಡ್‌ನ 523ನೇ ಕಲಮು ತದ್ವಿರುದ್ಧ: ಒಪ್ಪಿಗೆಗೆ ಗಡುವು ಕೊಟ್ಟ ಪ್ರಸ್ತಾವವನ್ನ, ಹಕ್ಕು ಕಾಯ್ದಿರಿಸಿಕೊಂಡಿಲ್ಲದಿದ್ದರೆ, ಹಿಂತೆಗೆಯೋ ಹಾಗಿಲ್ಲ. ಹನ್ನೆರಡನೇ ದಿನ ಬೆಂಗಳೂರಿನವರು "ಸಾರಿ, ದರ ಬದಲಾಗಿದೆ" ಅಂತ ಮೇಲ್ ಹಾಕಿದರೆ ಅವರ ಕಣ್ಣಲ್ಲಿ ಅದು ವ್ಯಾಪಾರ, ಒಸಾಕಾದವರ ಕಣ್ಣಲ್ಲಿ ಮೋಸ. ಇಬ್ಬರೂ ತಮ್ಮ ತಮ್ಮ ಕಾನೂನು ಓದಿಕೊಂಡೇ ಜಗಳಕ್ಕೆ ಇಳಿದಿರ್ತಾರೆ. ಈ ಜಗಳ ಯಕುಇನ್ ಅನ್ನೋ ಒಂದು ಪದ ಹಾಕಿದ್ರೆ ತಪ್ಪುತ್ತಿತ್ತಾ? ಇಲ್ಲ. "ಅವಧಿಯೊಳಗೆ ಹಿಂತೆಗೆಯುವ ಹಕ್ಕು ನಮಗಿದೆ" ಅಂತಲೋ "ಇಲ್ಲ" ಅಂತಲೋ ಒಂದು ವಾಕ್ಯ ಹಾಕಿದ್ದರೆ ತಪ್ಪುತ್ತಿತ್ತು.

ಈಗ ಇಂಡೆಮ್ನಿಟಿ. ಇದು ಇನ್ನೂ ಅಪಾಯದ್ದು, ಯಾಕಂದ್ರೆ ಇದಕ್ಕೆ ಜಪಾನಿಯಲ್ಲಿ ಪದಗಳು ಬೇಕಾದಷ್ಟಿವೆ. ಒಂದು ಹೊಶೋ, ನಷ್ಟ ತುಂಬಿಕೊಡುವುದು. ಇದೇ ಉಚ್ಚಾರದ ಇನ್ನೊಂದು ಹೊಶೋ ಅಂದ್ರೆ ಗ್ಯಾರಂಟಿ, ಮತ್ತೊಂದು ಹೊಶೋ ಅಂದ್ರೆ ಭದ್ರತೆ. ಬರಹದಲ್ಲಿ ಮೂರಕ್ಕೂ ಬೇರೆ ಬೇರೆ ಅಕ್ಷರ, ಕಿವಿಗೆ ಮೂರೂ ಒಂದೇ. ಕಾನ್ಫರೆನ್ಸ್ ಕಾಲ್‌ನಲ್ಲಿ ನೀವು ಹೇಳಿದ್ದು ಯಾವುದು, ಅವರು ಕೇಳಿಸಿಕೊಂಡಿದ್ದು ಯಾವುದು, ದೇವರೇ ಬಲ್ಲ. ಸಾಲದ್ದಕ್ಕೆ ಮೊದಲನೆಯ ಹೊಶೋಗೆ ಅದರದ್ದೇ ಹಳೆಯ ವಾಸನೆ ಇದೆ: ಸಾರ್ವಜನಿಕ ಬಳಕೆಗೆ ಸರ್ಕಾರ ಖಾಸಗಿ ಆಸ್ತಿ ತೆಗೆದುಕೊಂಡಾಗ ಕೊಡೋ ಪರಿಹಾರಕ್ಕೆ ಸಂವಿಧಾನದ 29ನೇ ಕಲಮು ಬಳಸೋದು ಇದೇ ಪದವನ್ನ.

ಇಷ್ಟೆಲ್ಲ ರಗಳೆ ಬೇಡ ಅಂತ ಬಹಳ ಗ್ಲಾಸರಿಗಳು 'ಸೊಂಗಾಯ್ ಬೈಶೋ' ಅಂತ ಬರೆದಿಡ್ತವೆ. ಅಂದ್ರೆ ನಷ್ಟ ಪರಿಹಾರ, ಡ್ಯಾಮೇಜಸ್. ಸಿವಿಲ್ ಕೋಡ್‌ನಲ್ಲೇ ಇರೋ ಪದ, ಯಾರೂ ಪ್ರಶ್ನೆ ಮಾಡಲ್ಲ. ನಿಜವಾದ ಅನಾಹುತ ಇಲ್ಲೇ.

ಒಂದು ಉದಾಹರಣೆ ಕಟ್ಟಿ ನೋಡೋಣ. ನಮ್ಮ ಕಂಪನಿ ಒಸಾಕಾದ ಗ್ರಾಹಕನಿಗೆ ಸಾಫ್ಟ್‌ವೇರ್ ಕೊಟ್ಟಿದೆ. ಆರು ತಿಂಗಳಾದ ಮೇಲೆ ಮೂರನೆಯವನೊಬ್ಬ ಬಂದು "ಇದರಲ್ಲಿ ನನ್ನ ಪೇಟೆಂಟ್ ಇದೆ" ಅಂತ ಗ್ರಾಹಕನ ಮೇಲೆ ದಾವೆ ಹಾಕ್ತಾನೆ. ನಮ್ಮವರು ಪ್ರಾಮಾಣಿಕವಾಗಿ ಹುಡುಕಿ ನೋಡಿದ್ದರು, ಆ ಪೇಟೆಂಟ್ ಕಂಡಿರಲಿಲ್ಲ. ಇಂಗ್ಲಿಷ್ ಕರಾರಿನ ಇಂಡೆಮ್ನಿಟಿ ಏನನ್ನುತ್ತೆ? ತಪ್ಪು ಯಾರದ್ದಾದರೂ ಇರಲಿ, ಗ್ರಾಹಕನ ವಕೀಲರ ಫೀಸು, ರಾಜಿಯ ಮೊತ್ತ ಎಲ್ಲ ನಮ್ಮ ತಲೆಗೆ. ಜಪಾನಿ ಆವೃತ್ತಿ 'ಸೊಂಗಾಯ್ ಬೈಶೋ' ಅಂದರೆ, ಓದುಗ ನೆಟ್ಟಗೆ 415ನೇ ಕಲಮಿಗೆ ಹೋಗ್ತಾನೆ. ಅಲ್ಲಿ ಮೊದಲ ಪ್ರಶ್ನೆಯೇ ಕರಾರು ಮುರಿದಿದೆಯಾ ಅಂತ. ಮುರಿದಿದ್ದರೂ, ಕಾರಣ ನನ್ನ ಹೊಣೆಯದ್ದಲ್ಲ ಅಂತ ತೋರಿಸಿದವನಿಗೆ ಬಿಡುಗಡೆ. ಆಮೇಲೆ 416: ಮಾಮೂಲಿ ನಷ್ಟ ಮತ್ತು ಮುಂಗಾಣಬೇಕಾಗಿದ್ದ ನಷ್ಟ ಮಾತ್ರ. ಕೊನೆಗೆ 418: ಗ್ರಾಹಕನದ್ದೂ ತಪ್ಪಿದ್ದರೆ ಮೊತ್ತಕ್ಕೆ ಕತ್ತರಿ. ಇಂಗ್ಲಿಷಿನ ಒಂದು ಪದ ಜಪಾನಿಗೆ ಹೋಗುವಷ್ಟರಲ್ಲಿ ಮೂರು ಬಾಗಿಲು ಹಾಕಿಸಿಕೊಂಡಿತು.

"ಇಂಗ್ಲಿಷ್ ಆವೃತ್ತಿಯೇ ಅಂತಿಮ ಅಂತ ಬರೆದಿದ್ದೀವಲ್ಲ" ಅಂತ ಕ್ಲೈಂಟ್ ಹೇಳೋದುಂಟು. ಸರಿ. ಆದರೆ ಕರಾರಿಗೆ ಜಪಾನಿನ ಕಾನೂನೇ ಅನ್ವಯ ಅಂತಿದ್ದರೆ ಆ ಇಂಗ್ಲಿಷ್ ಪದಕ್ಕೆ ಅರ್ಥ ಹಚ್ಚೋನೂ ಜಪಾನಿ ನ್ಯಾಯಾಧೀಶನೇ. ಅದಕ್ಕೂ ಮೊದಲು ಒಸಾಕಾದಲ್ಲಿ ಸಹಿಗೆ ಮುಂಚೆ ಜಪಾನಿ ಆವೃತ್ತಿ ಓದಿ ತಲೆಯಾಡಿಸಿದವರು ಇದ್ದಾರೆ. ಅವರು ಒಪ್ಪಿದ್ದು ಒಂದು, ನೀವು ವಸೂಲಿ ಮಾಡೋಕೆ ಹೊರಟಿದ್ದು ಇನ್ನೊಂದು.

ಗ್ಲಾಸರಿ ಬೇಡ ಅಂತ ನಾನು ಹೇಳ್ತಿಲ್ಲ. ಒಂದೇ ಪದಕ್ಕೆ ಎಂಟನೇ ಪುಟದಲ್ಲಿ ಒಂದು, ಇಪ್ಪತ್ತನೇ ಪುಟದಲ್ಲಿ ಇನ್ನೊಂದು ಬಂದರೆ ಅದೂ ಅನಾಹುತವೇ. ಅನುವಾದಕ ಕರಾರನ್ನ ತಿದ್ದಿ ಬರೆಯೋ ವಕೀಲನಾಗಬಾರದು ಅನ್ನೋದನ್ನೂ ಒಪ್ತೀನಿ. ಆದರೆ ಪ್ರಶ್ನೆ ಕೇಳೋ ಹಕ್ಕನ್ನ ಕಿತ್ತುಕೊಳ್ಳಬೇಡಿ. ನನಗೆ ಬೇಕಾಗಿರೋದು ಮೂರೇ ಉತ್ತರ. ಯಾವ ದೇಶದ ಕಾನೂನು ಅನ್ವಯ? ತಪ್ಪಿಲ್ಲದಿದ್ದರೂ ಹಣ ಕಟ್ಟಬೇಕಾ? ವಕೀಲರ ಫೀಸು ಸೇರಿದೆಯಾ? ಉತ್ತರ ಸಿಕ್ಕರೆ ಹೊಶೋ ಅಂತಲೇ ಹಾಕಿ, ಪಕ್ಕದಲ್ಲಿ "ಹೊಣೆಗೇಡಿತನ ಇರಲಿ ಬಿಡಲಿ, ಮೂರನೆಯವರ ದಾವೆಯಿಂದಾದ ನಷ್ಟ ಮತ್ತು ವಕೀಲರ ವೆಚ್ಚ ಸೇರಿ" ಅಂತ ಜಪಾನಿಯಲ್ಲಿ ಬಿಡಿಸಿ ಬರೆದುಕೊಡ್ತೀನಿ. ವಕೀಲರು ನೋಡಿ ಒಪ್ಪಲಿ. ಕನ್ಸಿಡರೇಷನ್ ಸಾಲು ಜಪಾನಿ ಕಾನೂನಿನ ಕರಾರಿನಲ್ಲಿ ಬಂದರೆ "ಇದು ಇಲ್ಲಿ ಬೇಕಿಲ್ಲ" ಅಂತ ಒಂದು ಟಿಪ್ಪಣಿ ಹಾಕ್ತೀನಿ.

ಈ ಟಿಪ್ಪಣಿಗೆ ಇವತ್ತು ಯಾರೂ ಕಾಸು ಕೊಡಲ್ಲ. ನಮಗೆ ಸಂಬಳ ಪದಕ್ಕೆ ಇಷ್ಟು ಅಂತ. ಅರ್ಧ ಗಂಟೆ ಕಾನೂನು ಪುಸ್ತಕ ತೆರೆದು ಕೇಳಿದ ಪ್ರಶ್ನೆಗೆ ಸೊನ್ನೆ. ಹೀಗಿದ್ದಾಗ ಗ್ಲಾಸರಿಯ ಪದ ತುರುಕಿ ಮುಂದೆ ಹೋಗೋನೇ ಜಾಣ. ಇಂಗ್ಲಿಷಿನಲ್ಲಿ ಆ ಕಲಮಿನ ಒಂದೊಂದು ಕಾಮಾಗೆ ವಾರಗಟ್ಟಲೆ ಜಗಳವಾಡಿ ವಕೀಲರಿಗೆ ಲಕ್ಷಗಟ್ಟಲೆ ಕೊಟ್ಟಿರ್ತೀರಿ. ಅದೇ ಕಲಮು ಎದುರು ಪಾರ್ಟಿಯ ಕಣ್ಣಿಗೆ ಬೀಳೋ ಭಾಷೆಗೆ ಬಂದಾಗ ಮಾತ್ರ ಶುಕ್ರವಾರದಿಂದ ಸೋಮವಾರ, ಪದಕ್ಕೆ ಇಷ್ಟು, ವಿವರಣೆ ಬೇಡ. ಸರಿ, ಬೇಡ ಬಿಡಿ. ನಾಳೆ ಒಸಾಕಾದಿಂದ ನೋಟಿಸ್ ಬಂದಾಗ ಅದನ್ನ ಅನುವಾದ ಮಾಡೋಕೆ ನನ್ನನ್ನೇ ಕರೀತೀರಲ್ಲ, ಆಗ ಪದಕ್ಕೆ ಎಷ್ಟು ಅಂತ ನಾನು ಹೇಳ್ತೀನಿ.