ನಾಲ್ಕೂವರೆಯ ಮಾಯಾಮೃಗ, ಒಂಬತ್ತಕ್ಕೆ ಮನೆ ಸೇರುವ ನಾವು

ಕನ್ನಡ ಧಾರಾವಾಹಿಗಳ ಮಾತು ಬಂದರೆ, ನಲವತ್ತು ದಾಟಿದವರು 'ಮಾಯಾಮೃಗ'ದ ಹೆಸರು ಹೇಳದೆ ಬಿಡುವುದಿಲ್ಲ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಈ ಧಾರಾವಾಹಿ 1998ರಲ್ಲಿ ದೂರದರ್ಶನದ ಚಂದನದಲ್ಲಿ ಬರುತ್ತಿತ್ತು. ಬರುತ್ತಿದ್ದದ್ದು ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಅಲ್ಲ, ಸಂಜೆ ನಾಲ್ಕೂವರೆಗೆ. ಟೀವಿಯವರ ಲೆಕ್ಕದಲ್ಲಿ ಅದು ಪ್ರೈಮ್ ಟೈಮೇ ಅಲ್ಲ. ಆಫೀಸಿನವರು ಇನ್ನೂ ಕುರ್ಚಿ ಬಿಟ್ಟಿರುವುದಿಲ್ಲ, ಅಂಗಡಿಯವರಿಗೆ ಆಗಷ್ಟೇ ವ್ಯಾಪಾರ ಶುರು. ಆದರೂ 24 ವರ್ಷಗಳ ನಂತರ, 2022ರಲ್ಲಿ, ಸಿರಿ ಕನ್ನಡ ವಾಹಿನಿಯಲ್ಲಿ ಅದರ ಮುಂದುವರಿಕೆಯಾಗಿ 'ಮತ್ತೆ ಮಾಯಾಮೃಗ' ಬಂತು. ಕಾಲು ಶತಮಾನ ಕಳೆದ ಮೇಲೂ ಹೆಸರಿನಿಂದಲೇ ನೋಡುಗರನ್ನು ಕರೆಯಬಹುದು ಎಂಬ ಧೈರ್ಯ ಅದನ್ನು ಮಾಡಿದವರಿಗಿತ್ತು ಎಂದಾಯಿತು.

ಕಥೆ, ನಟನೆ ಚೆನ್ನಾಗಿದ್ದವು ಎನ್ನುವುದು ಸರಿ. ಆದರೆ ಆ ಹೊತ್ತಿನ ಪಾಲೂ ಇದೆ. ನಾಲ್ಕೂವರೆಗೆ ಮನೆಯಲ್ಲಿ ಯಾರಿರುತ್ತಾರೆ? ಮಧ್ಯಾಹ್ನದ ಕೆಲಸ ಮುಗಿಸಿ ಕಾಫಿಗೆ ಕುಳಿತ ಅಮ್ಮ, ಅಜ್ಜಿ, ಶಾಲೆಯಿಂದ ಬಂದು ಚೀಲ ಬಿಸಾಡಿದ ಮಕ್ಕಳು. ರಾತ್ರಿಯಾದರೆ ರಿಮೋಟು ಅಪ್ಪನ ಕೈಯಲ್ಲಿ, ಜೊತೆಗೆ ವಾರ್ತೆ, ಕ್ರಿಕೆಟ್ಟು. ನಾಲ್ಕೂವರೆಗೆ ಆ ಜಗಳವಿಲ್ಲ. ಇನ್ನೊಂದು ಮಾತು: ತಪ್ಪಿಹೋದ ಸಂಚಿಕೆಯನ್ನು ಮರುದಿನ ಫೋನಿನಲ್ಲಿ ಹುಡುಕಿ ನೋಡುವಂತಿರಲಿಲ್ಲ. ನೋಡಿದವರು ನೋಡದವರಿಗೆ ಕಥೆ ಹೇಳಬೇಕಿತ್ತು. ನೋಡದ ಅಪ್ಪನಿಗೆ ಊಟದ ಹೊತ್ತಿನಲ್ಲಿ, ಪಕ್ಕದ ಮನೆಯವರಿಗೆ ಕಾಂಪೌಂಡಿನ ಬಳಿ. ಹಾಗೆ ಬಾಯಿಂದ ಬಾಯಿಗೆ ಹೋದದ್ದೇ ಆ ಕಾಲದ ಮರುಪ್ರಸಾರ. ನಾವೇ ಹೇಳಿದ ಕಥೆ ನಾವು ಸುಮ್ಮನೆ ನೋಡಿದ ಕಥೆಗಿಂತ ಹೆಚ್ಚು ದಿನ ನೆನಪಿನಲ್ಲಿರುತ್ತದೆ.

ಈಗಿನ ವ್ಯವಸ್ಥೆ ಬೇರೆ. ಸಂಜೆ ಆರರಿಂದ ರಾತ್ರಿ ಹತ್ತೂವರೆ ತನಕ ಅರ್ಧ ಅರ್ಧ ಗಂಟೆಯ ತುಂಡು. ಪ್ರತಿ ತುಂಡಿನಲ್ಲೂ ಎರಡು ಮೂರು ವಾಹಿನಿಗಳ ಧಾರಾವಾಹಿಗಳು ಎದುರುಬದುರು. ಉಳಿದ ಹೊತ್ತನ್ನು ತುಂಬುವುದು ಹೆಚ್ಚಾಗಿ ಸಿನಿಮಾ ಮತ್ತು ಮರುಪ್ರಸಾರ. ಯಾವುದು ಯಾವ ತುಂಡಿನಲ್ಲಿ ಉಳಿಯಬೇಕು ಎನ್ನುವುದನ್ನು ಬಾರ್ಕ್ ಸಂಸ್ಥೆ ವಾರಕ್ಕೊಮ್ಮೆ ಕೊಡುವ ರೇಟಿಂಗ್ ತೀರ್ಮಾನಿಸುತ್ತದೆ.

ಈ ರೇಟಿಂಗ್ 'ಎಷ್ಟು ಜನ ನೋಡಿದರು' ಎಂಬ ತಲೆಲೆಕ್ಕವಲ್ಲ, ಸರಾಸರಿ ನಿಮಿಷದ ಲೆಕ್ಕ. ಒಂದು ಉದಾಹರಣೆ ಮಾಡಿಕೊಳ್ಳೋಣ. ನೂರು ಜನರಿದ್ದಾರೆ, ಧಾರಾವಾಹಿ 30 ನಿಮಿಷದ್ದು. 20 ಜನ ಪೂರ್ತಿ ನೋಡಿದರು, ಇನ್ನು 20 ಜನ 15 ನಿಮಿಷ ನೋಡಿ ಎದ್ದರು. ಒಟ್ಟು 900 ನಿಮಿಷ. ಅದನ್ನು 30ರಿಂದ ಭಾಗಿಸಿದರೆ 30. ನೋಡಿದವರು ನಲವತ್ತು ಜನ, ಲೆಕ್ಕಕ್ಕೆ ಸಿಕ್ಕವರು ಮೂವತ್ತು.

ಈಗ ಭಾನುವಾರದ ಮಹಾಸಂಚಿಕೆಗೆ ಬನ್ನಿ. ನಾಯಕಿಯ ಮದುವೆ, ಎರಡು ಗಂಟೆ. ವಾರವಿಡೀ ಜಾಹೀರಾತು ನೋಡಿದ 60 ಜನ ಇಣುಕಿದರು, ಆದರೆ ಒಬ್ಬೊಬ್ಬರು ಸರಾಸರಿ 40 ನಿಮಿಷ ಕುಳಿತರು. ಒಟ್ಟು 2400 ನಿಮಿಷ, 120ರಿಂದ ಭಾಗಿಸಿದರೆ 20. ಬಂದವರು ಹೆಚ್ಚಾದರು, ರೇಟಿಂಗ್ ಇಳಿಯಿತು! ಹಾಗಾದರೆ ಮಹಾಸಂಚಿಕೆ ಯಾಕೆ ಬೇಕು? ಸೋಮವಾರಕ್ಕಾಗಿ. ಅಂದು ಇಣುಕಿದ ಹೊಸಬರಲ್ಲಿ ಹತ್ತು ಜನ ಮುಂದಿನ ವಾರ ತಮ್ಮ ಮಾಮೂಲಿ ಹೊತ್ತಿಗೆ ಬಂದು ಕುಳಿತರೆ ಅದು ಗೆದ್ದಂತೆ. ಆದ್ದರಿಂದ ಮಹಾಸಂಚಿಕೆಯ ಫಲಿತಾಂಶವನ್ನು ಭಾನುವಾರದ ಅಂಕಿಯಲ್ಲಿ ಹುಡುಕಬಾರದು, ನಂತರದ ಎರಡು ಮೂರು ವಾರಗಳ ಸೋಮ-ಶುಕ್ರದಲ್ಲಿ ಹುಡುಕಬೇಕು. ಮದುವೆ ಮುಗಿದ ಮೇಲೆ ಅಂಕಿ ಹಳೆಯ ಜಾಗಕ್ಕೇ ಬಂದು ನಿಂತರೆ, ಬಂದವರು ಊಟ ಮಾಡಿ ಹೋದ ನೆಂಟರು ಎಂದುಕೊಳ್ಳಬೇಕು.

ವಾರಾಂತ್ಯಕ್ಕೆಂದೇ ಹುಟ್ಟಿದ ಕಾರ್ಯಕ್ರಮಗಳ ದಾರಿ ಬೇರೆ. ಜೀ ಕನ್ನಡದಲ್ಲಿ 2014ರಲ್ಲಿ ಶುರುವಾದ 'ವೀಕೆಂಡ್ ವಿತ್ ರಮೇಶ್' ತನ್ನ ಹೆಸರಿನಲ್ಲೇ ಹೊತ್ತನ್ನು ಇಟ್ಟುಕೊಂಡಿತು. ಅಲ್ಲಿ ನಿನ್ನೆಯ ಕಥೆ ಗೊತ್ತಿರಬೇಕಾಗಿಲ್ಲ, ಪ್ರತಿ ಅತಿಥಿಯದೂ ಹೊಸ ಬದುಕು. ಬಿಗ್ ಬಾಸ್‌ನಲ್ಲಿ ವಾರವಿಡೀ ನಡೆದ ಜಗಳವನ್ನು ಶನಿವಾರ ಸುದೀಪ್ ಬಂದು ಬಿಡಿಸಿ ಹೇಳುತ್ತಾರೆ. ಐದು ದಿನ ನೋಡದವರಿಗೂ ಆ ಒಂದು ಸಂಚಿಕೆಯಲ್ಲಿ ಎಲ್ಲ ಸಿಗುತ್ತದೆ. ವಾರಾಂತ್ಯದ ಕಾರ್ಯಕ್ರಮ ಉಳಿಯಬೇಕಾದರೆ, ಮಧ್ಯೆ ಬಂದು ಕುಳಿತವರಿಗೂ ಅರ್ಥವಾಗುವ ಹಾಗಿರಬೇಕು.

ಮಿಯಾಪುರದ ನಮಗೆ ಇದೆಲ್ಲ ಬೇರೆ ರೀತಿಯಲ್ಲಿ ತಟ್ಟುತ್ತದೆ. ಕನ್ನಡ ಕಾರ್ಯಕ್ರಮಗಳ ಹಣೆಬರಹ ಬರೆಯುವ ರೇಟಿಂಗ್ ಕರ್ನಾಟಕ ಮಾರುಕಟ್ಟೆಯದು. ಇಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಕುಳಿತು ನಾವು ನೋಡಿದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ಇಂದಿನ ಕಲರ್ಸ್ ಕನ್ನಡ, 2000ದಲ್ಲಿ ಈಟಿವಿ ಕನ್ನಡವಾಗಿ ಶುರುವಾದಾಗ, ನಮ್ಮ ಊರಿನ ರಾಮೋಜಿ ಸಮೂಹದ ಕೂಸು. ಆದರೂ ನಾವು ಲೆಕ್ಕದ ಹೊರಗೇ. 2019ರ ಹೊಸ ದರ ನಿಯಮ ಬಂದ ಮೇಲೆ ವಾಹಿನಿಗಳನ್ನು ನಾವೇ ಆರಿಸಿ ದುಡ್ಡು ಕೊಡಬೇಕು. ಕೊಡುತ್ತೇವೆ. ಆದರೆ ಏಳು ಗಂಟೆಯ ಧಾರಾವಾಹಿ ಏಳಕ್ಕೇ ಇರಬೇಕೋ, ಒಂಬತ್ತೂವರೆಗೆ ಹೋಗಬೇಕೋ ಎನ್ನುವುದರಲ್ಲಿ ನಮ್ಮ ಮಾತು ನಡೆಯದು. ಗಚ್ಚಿಬೌಲಿಯಿಂದ ಹೊರಟು ಒಂಬತ್ತಕ್ಕೆ ಮನೆ ಸೇರುವವರಿಗೆ ಉಳಿಯುವುದು ತಡರಾತ್ರಿಯ ಅಥವಾ ಮರುದಿನದ ಮರುಪ್ರಸಾರ, ಇಲ್ಲವೇ ಆ್ಯಪ್.

ಮರುಪ್ರಸಾರವನ್ನು ಹೊತ್ತು ತುಂಬಿಸುವ ಸರಕು ಎಂದು ತಳ್ಳಿಹಾಕುವಂತಿಲ್ಲ. ಮೂಲ ಪ್ರಸಾರಕ್ಕೆ ಎದುರು ವಾಹಿನಿಯ ಧಾರಾವಾಹಿ ಅಡ್ಡ ನಿಂತಿರುತ್ತದೆ, ಮರುಪ್ರಸಾರಕ್ಕೆ ಆ ಅಡ್ಡಿಯಿಲ್ಲ. ರಾತ್ರಿ ಪಾಳಿಯವರು, ಊರಿಂದ ಬಂದು ಮಗನ ಮನೆಯಲ್ಲಿ ಹಗಲು ಕಳೆಯುವ ತಾಯಂದಿರು ಅದರ ಖಾಯಂ ಗಿರಾಕಿಗಳು. ಸರಿಯಾದ ಹೊತ್ತು ಸಿಕ್ಕರೆ ಮರುಪ್ರಸಾರವೇ ಪ್ರೈಮ್ ಟೈಮ್ ಆಗುತ್ತದೆ. 1987ರಲ್ಲಿ ಭಾನುವಾರ ಬೆಳಿಗ್ಗೆ ಬಂದ 'ರಾಮಾಯಣ'ವನ್ನು ದೂರದರ್ಶನ 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ನಡುವೆ, ಬೆಳಿಗ್ಗೆ ಮತ್ತು ರಾತ್ರಿ ಒಂಬತ್ತಕ್ಕೆ ಹಾಕಿತು. ಮೊದಲ ವಾರಾಂತ್ಯದ ನಾಲ್ಕು ಪ್ರಸಾರಗಳನ್ನು 17 ಕೋಟಿ ಜನ ನೋಡಿದರೆಂದು ಬಾರ್ಕ್ ಹೇಳಿತು. ಅಂದು ಇಡೀ ದೇಶ ಒಂದೇ ಹೊತ್ತಿಗೆ ಮನೆಯಲ್ಲಿತ್ತು. ಕಥೆ ಹಳೆಯದಾದರೂ, ಒಟ್ಟಿಗೆ ಕುಳಿತು ನೋಡುವ ಹೊತ್ತು ಹೊಸದಾಗಿ ಸಿಕ್ಕಿತ್ತು.

ಆ್ಯಪ್ ಬಂದ ಮೇಲೆ ಯಾವ ಸಂಚಿಕೆಯೂ ತಪ್ಪುವುದಿಲ್ಲ. ಆದರೆ ಒಬ್ಬರು ಬಸ್ಸಿನಲ್ಲಿ, ಒಬ್ಬರು ಮಲಗುವ ಮುಂಚೆ, ಇನ್ನೊಬ್ಬರು ಶನಿವಾರ ಐದೂ ಸಂಚಿಕೆ ಒಟ್ಟಿಗೆ ನೋಡಿದರೆ, 'ನಿನ್ನೆ ಏನಾಯಿತು ಗೊತ್ತಾ' ಎಂದು ಕೇಳುವುದಕ್ಕೆ ಜಾಗವಿಲ್ಲ. ಕೇಳಿದರೆ 'ಹೇಳಬೇಡಿ, ಇನ್ನೂ ನೋಡಿಲ್ಲ' ಎನ್ನುತ್ತಾರೆ. ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಕಥೆಯಲ್ಲ, ಒಂದು ನಿಮಿಷದ ತುಣುಕು. ಅದರಿಂದ ಒಂದು ಡೈಲಾಗು, ಒಂದು ಮುಖ ನೆನಪಿನಲ್ಲಿ ಉಳಿಯುತ್ತದೆ; ಕಥೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೇಳಲು ಬರುವುದಿಲ್ಲ.

ಲೆಕ್ಕಕ್ಕೆ ಸೇರದ ನಾವು ಸ್ಲಾಟ್ ಬದಲಿಸಲಾರೆವು. ಆದರೆ ನಮ್ಮ ಮನೆಯ ಹೊತ್ತನ್ನು ನಾವು ಗೊತ್ತುಮಾಡಿಕೊಳ್ಳಬಹುದು. ಮೆಚ್ಚಿದ ಒಂದು ಧಾರಾವಾಹಿಯನ್ನು ಆ್ಯಪಿನಲ್ಲಾದರೂ ಸರಿ, ರಾತ್ರಿ ಒಂಬತ್ತೂವರೆಗೆ ಮನೆಮಂದಿ ಒಟ್ಟಿಗೆ ಕುಳಿತು, ದಿನಕ್ಕೆ ಒಂದೇ ಸಂಚಿಕೆಯಂತೆ ನೋಡಿದರೆ, ಮರುದಿನ ಊರಿಗೆ ಫೋನು ಮಾಡಿದಾಗ ಅಮ್ಮನ ಜೊತೆ ಆಡಲು ಒಂದು ಮಾತು ಇರುತ್ತದೆ. ಹಿಂದಿ, ತೆಲುಗಿನ ನಡುವೆ ಬೆಳೆಯುವ ಮಕ್ಕಳ ಕಿವಿಗೂ ಅಷ್ಟು ಕನ್ನಡ ಬೀಳುತ್ತದೆ.